ಬಾರದ ಸೂಟ್‌ಕೇಸಿಗೆ ಪಟ್ಟಿ ಬರೆಯುವಾಗ

ಪ್ರಶ್ನೆ: ನಾನೂ ನನ್ನ ಯಜಮಾನರೂ ಜನವರಿ 9ರ ರಾತ್ರಿ ಬೆಂಗಳೂರಿನಿಂದ ಹೊರಟು, ಕೊಲ್ಲಿಯಲ್ಲಿ ವಿಮಾನ ಬದಲಿಸಿ, 10ರಂದು ಫ್ರಾಂಕ್‌ಫರ್ಟ್‌ಗೆ ಬಂದೆವು. ಇಲ್ಲಿ ಮನೆ ಹೂಡುವುದಕ್ಕೇ ಬಂದವರು. ಎರಡು ಸೂಟ್‌ಕೇಸುಗಳಲ್ಲಿ ಒಂದು ಇವತ್ತು, ಫೆಬ್ರವರಿ 3ರವರೆಗೂ ಬಂದಿಲ್ಲ. ಟ್ಯಾಗ್ ನನ್ನ ಹೆಸರಿನಲ್ಲಿದೆ, ಅದರ ಮೇಲೆ 22 ಕಿಲೋ ಎಂದಿದೆ. ಒಳಗೆ ಇಬ್ಬರ ಬಟ್ಟೆ, ಎರಡು ರೇಷ್ಮೆ ಸೀರೆ, ಒಂದು ಜೊತೆ ಚಿನ್ನದ ಜುಮುಕಿ, ಕುಕ್ಕರ್, ಮಿಕ್ಸಿ, ಮನೆಯ ಪುಡಿಗಳು ಇದ್ದವು. ಈಗ ಸಂಸ್ಥೆಯವರು ಪ್ರತಿ ವಸ್ತುವಿಗೂ ಕೊಂಡ ದಿನ, ಬೆಲೆ, ರಸೀದಿ ಕೇಳುವ ಫಾರಂ ಕಳಿಸಿದ್ದಾರೆ. ಅರ್ಧಕ್ಕರ್ಧ ವಸ್ತುಗಳಿಗೆ ಬಿಲ್ ಇಲ್ಲ. ಕಾಯುತ್ತಿದ್ದ ದಿನಗಳಲ್ಲಿ ಇಲ್ಲಿ ಕೊಂಡದ್ದು 342 ಯೂರೋ, ಅದರಲ್ಲಿ ಅರ್ಧ ಮಾತ್ರ ಕೊಡುತ್ತೇವೆ ಎನ್ನುತ್ತಾರೆ. ನನ್ನ ಪಟ್ಟಿಯನ್ನೂ ಬಿಲ್ಲುಗಳನ್ನೂ ಲಗತ್ತಿಸಿದ್ದೇನೆ. ಏನು ಬರೆಯಬೇಕು, ಏನು ಬಿಡಬೇಕು?

ಉತ್ತರ: ಮೊದಲು ದಿನಾಂಕದ ಮಾತು, ಏಕೆಂದರೆ ನಿಮ್ಮ ಪತ್ರದ ದನಿ ಅದರ ಮೇಲೆ ನಿಂತಿದೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ವಿಮಾನ ಸಂಸ್ಥೆಗಳ ಹೊಣೆ ಎಷ್ಟೆಂದು ಹೇಳುವ 1999ರ ಮಾಂಟ್ರಿಯಲ್ ಒಪ್ಪಂದದಲ್ಲಿ ಭಾರತ ಮತ್ತು ಜರ್ಮನಿ ಎರಡೂ ಇವೆ. ಭಾರತ ಸೇರಿದ್ದು 2009ರಲ್ಲಿ. ಆ ಒಪ್ಪಂದದ 17ನೆಯ ವಿಧಿಯ ಪ್ರಕಾರ ಲಗೇಜು ತಲುಪಬೇಕಿದ್ದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ, ಸಂಸ್ಥೆ ‘ಕಳೆದಿದೆ’ ಎಂದು ಒಪ್ಪದಿದ್ದರೂ ಪ್ರಯಾಣಿಕರು ಅದು ಕಳೆದಿದೆ ಎಂದೇ ಹಿಡಿದು ಪರಿಹಾರ ಕೇಳಬಹುದು. ನಿಮ್ಮ ಸೂಟ್‌ಕೇಸು ತಲುಪಬೇಕಿದ್ದದ್ದು ಜನವರಿ 10ರಂದು, 21 ದಿನ ಮುಗಿದದ್ದು 31ಕ್ಕೆ. ಆದ್ದರಿಂದ ‘ಇನ್ನೂ ಹುಡುಕುತ್ತಿದ್ದೇವೆ, ಸ್ವಲ್ಪ ತಾಳಿ’ ಎಂಬ ಉತ್ತರಕ್ಕೆ ನೀವು ಇನ್ನು ಕಾಯಬೇಕಾಗಿಲ್ಲ. ಅವರು ಹುಡುಕುವುದನ್ನು ಮುಂದುವರಿಸಲಿ, ನೀವು ನಷ್ಟದ ಅರ್ಜಿಯನ್ನು ಈ ವಾರವೇ ಕಳಿಸಿ. ವಿಮಾನ ನಿಲ್ದಾಣದಲ್ಲಿ ಬರೆಸಿದ ಪಿಐಆರ್ ವರದಿಯನ್ನೇ ಅರ್ಜಿ ಎಂದುಕೊಂಡು ಸುಮ್ಮನಿದ್ದವರನ್ನು ನಾನು ಬಹಳ ನೋಡಿದ್ದೇನೆ. ಅದು ಲಗೇಜು ಬಂದಿಲ್ಲ ಎಂಬ ದಾಖಲೆ ಮಾತ್ರ. ಇಷ್ಟು ಹಣ ಕೊಡಿ ಎಂಬ ಲಿಖಿತ ಬೇಡಿಕೆ ಬೇರೆಯೇ ಹೋಗಬೇಕು. ಆ ಪತ್ರದ ತಲೆಯಲ್ಲಿ FRA ಎಂದು ಶುರುವಾಗಿ, ಸಂಸ್ಥೆಯ ಎರಡಕ್ಷರವೂ ಐದು ಅಂಕಿಗಳೂ ಇರುವ ನಿಮ್ಮ ಪಿಐಆರ್ ಕಡತ ಸಂಖ್ಯೆಯನ್ನೂ ಟ್ಯಾಗ್‌ನ ಹತ್ತು ಅಂಕಿಗಳನ್ನೂ ಬರೆಯಿರಿ.

ಈಗ ಪಟ್ಟಿಗೆ ಬರುತ್ತೇನೆ. ನಾನು ಹಲವು ವರ್ಷ ಒಂದು ವಿಮಾನಯಾನ ಸಂಸ್ಥೆಯ ಲಗೇಜ್ ವಿಭಾಗದಲ್ಲಿ ಕುಳಿತು ಇಂಥ ಪಟ್ಟಿಗಳನ್ನು ಓದಿದವನು. ಆದ್ದರಿಂದ ಮೇಜಿನ ಆಚೆ ಕುಳಿತವರು ಅದನ್ನು ಹೇಗೆ ಓದುತ್ತಾರೆ ಎಂಬುದನ್ನು ಹೇಳಿದರೆ ನಿಮಗೆ ಹೆಚ್ಚು ಉಪಯೋಗವಾದೀತು. ಅವರು ಮೊದಲು ನೋಡುವುದು ಬೆಲೆಯನ್ನಲ್ಲ, ತೂಕವನ್ನು. ಚೆಕ್-ಇನ್ ಕೌಂಟರಿನಲ್ಲಿ ತೂಗಿದ ಲೆಕ್ಕ ಅವರ ಬಳಿ ಇರುತ್ತದೆ, ಪಟ್ಟಿಯಲ್ಲಿರುವ ವಸ್ತುಗಳೆಲ್ಲ ಆ ತೂಕದೊಳಗೆ ಹಿಡಿಸುತ್ತವೆಯೇ ಎಂದು ಕೂಡಿಸಿ ನೋಡುತ್ತಾರೆ. ಹಿಡಿಸದಿದ್ದರೆ ಮುಂದಿನ ಒಂದೊಂದು ಸಾಲನ್ನೂ ಅನುಮಾನದಿಂದಲೇ ಓದುತ್ತಾರೆ, ಆಮೇಲೆ ನಿಜವಾದ ಸೀರೆಯ ಬೆಲೆಗೂ ಕತ್ತರಿ ಬೀಳುತ್ತದೆ.

ನೀವು ಕಳಿಸಿದ ಪಟ್ಟಿಯನ್ನು ನಾನು ಹಾಗೆಯೇ ತೂಗಿ ನೋಡಿದೆ. ನಿಮ್ಮ ವಸ್ತುಗಳು, ಅಂದರೆ ಎರಡು ಸೀರೆಗೆ 1.3 ಕಿಲೋ, ನಾಲ್ಕು ಚೂಡಿದಾರ್ ಸೆಟ್ಟಿಗೆ 2.4, ಎರಡು ಜೀನ್ಸಿಗೆ 1.2, ಎರಡು ಸ್ವೆಟರಿಗೆ 1, ಚಳಿಗಾಲದ ಕೋಟಿಗೆ 1.4, ಶೂಗೆ 0.8 ಹಿಡಿದರೆ ಒಟ್ಟು 8.1 ಕಿಲೋ. ನಿಮ್ಮ ಯಜಮಾನರ ಶರಟು, ಪ್ಯಾಂಟು, ಬ್ಲೇಜರ್, ಶೂ, ಸ್ವೆಟರು ಸೇರಿ ಸುಮಾರು 5 ಕಿಲೋ. ಮೂರು ಲೀಟರಿನ ಕುಕ್ಕರ್ 2 ಕಿಲೋ, ಪುಡಿಗಳು 2.3. ಖಾಲಿ ಸೂಟ್‌ಕೇಸು 4.2. ಇಷ್ಟಕ್ಕೇ 21.6 ಕಿಲೋ ಆಯಿತು. ಒಳ ಉಡುಪು, ಜುಮುಕಿಯ ಡಬ್ಬಿ ಮುಂತಾದ ಚಿಲ್ಲರೆ ಸಾಮಾನು ಸೇರಿದರೆ 22ಕ್ಕೆ ಸರಿಯಾಗಿ ಕೂರುತ್ತದೆ. ಆದರೆ ನಿಮ್ಮ ಪಟ್ಟಿಯಲ್ಲಿ ಮಿಕ್ಸಿಯೂ ಇದೆ. ಮೂರು ಜಾರುಗಳ ಮಿಕ್ಸಿ ಎಂದರೆ ನಾಲ್ಕೂವರೆ ಕಿಲೋ. ಅದನ್ನು ಸೇರಿಸಿದರೆ 26 ಕಿಲೋ ದಾಟುತ್ತದೆ. ನೀವು ಸುಳ್ಳು ಬರೆದಿದ್ದೀರಿ ಎಂದು ನಾನು ಹೇಳುತ್ತಿಲ್ಲ. ಪ್ಯಾಕ್ ಮಾಡುವ ದಿನ ಎರಡು ಸೂಟ್‌ಕೇಸುಗಳ ನಡುವೆ ಸಾಮಾನು ಅತ್ತಿಂದಿತ್ತ ಓಡಾಡಿರುತ್ತದೆ, ಮೂರು ವಾರದ ಮೇಲೆ ಯಾವುದು ಎಲ್ಲಿತ್ತೆಂಬುದು ಕಲಸಿಹೋಗುತ್ತದೆ. ಬಂದು ತಲುಪಿದ ಸೂಟ್‌ಕೇಸಿನಲ್ಲಿ ಮಿಕ್ಸಿಯ ಜಾರೋ ಮುಚ್ಚಳವೋ ಇದೆಯೇ ನೋಡಿ. ಊರಿನಲ್ಲಿ ಪ್ಯಾಕ್ ಮಾಡಲು ಕೈಜೋಡಿಸಿದವರನ್ನು ಕೇಳಿ. ಕೊನೆಯ ಗಳಿಗೆಯಲ್ಲಿ ತೂಕ ಹೆಚ್ಚಾಯಿತೆಂದು ತೆಗೆದಿಟ್ಟಿರಬಹುದು. ಒಂದು ವೇಳೆ ಅದು ಅಲ್ಲೇ ಇತ್ತೆಂದು ಖಚಿತವಾದರೆ, ಬೇರೆ ಯಾವುದೋ ನಾಲ್ಕೂವರೆ ಕಿಲೋ ಅಲ್ಲಿ ಇರಲಿಲ್ಲ ಎಂದೇ ಅರ್ಥ, ಅದನ್ನು ಹುಡುಕಿ ತೆಗೆಯಿರಿ. ಒಂದು ಎಚ್ಚರ ಬೇಕು: ಕೆಲವು ಟ್ಯಾಗುಗಳ ಮೇಲೆ ಅಚ್ಚಾಗುವುದು ಒಂದು ಸೂಟ್‌ಕೇಸಿನ ತೂಕವಲ್ಲ, 2/45 ಎಂಬಂತೆ ಎರಡೂ ಸೇರಿದ ತೂಕ. ನಿಮ್ಮದರಲ್ಲಿ 22 ಎಂದು ಬಿಡಿಯಾಗಿಯೇ ಇರುವುದರಿಂದ ಆ ಗೊಂದಲವಿಲ್ಲ.

ಪಟ್ಟಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಅದನ್ನು ಬಹುಮಂದಿ ಮರೆಯುತ್ತಾರೆ. ಟ್ಯಾಗ್ ಕಿತ್ತುಹೋದ ಸೂಟ್‌ಕೇಸು ಯಾವುದೋ ನಿಲ್ದಾಣದ ಗೋದಾಮಿನಲ್ಲಿ ಯಾರದ್ದೆಂದು ತಿಳಿಯದೆ ಬಿದ್ದಿರುತ್ತದೆ. ಅದನ್ನು ತೆರೆದು ಒಳಗಿನ ವಸ್ತುಗಳನ್ನು ದಾಖಲಿಸುತ್ತಾರೆ, ವರ್ಲ್ಡ್‌ಟ್ರೇಸರ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಪ್ರಯಾಣಿಕರು ಬರೆದ ಪಟ್ಟಿಗಳೊಡನೆ ಹೋಲಿಸುತ್ತಾರೆ. ‘ಬಟ್ಟೆಗಳು, ಶೂ, ಟಾಯ್ಲೆಟ್ ಸಾಮಾನು’ ಎಂದು ಬರೆದರೆ ಲೋಕದ ಅರ್ಧ ಸೂಟ್‌ಕೇಸುಗಳು ಅದಕ್ಕೆ ಹೊಂದುತ್ತವೆ. ನನ್ನ ಮೇಜಿಗೆ ಬಂದಿದ್ದ ಒಂದು ಪ್ರಕರಣದಲ್ಲಿ ಅಜ್ಜಿಯೊಬ್ಬರ ಲಗೇಜು ಒಂಬತ್ತನೆಯ ದಿನ ಸಿಕ್ಕಿತು. ಅವರ ಮಗಳು ಪಟ್ಟಿಯ ಕೊನೆಗೆ, ‘ಚಕ್ಕುಲಿ ತುಂಬಿದ ಸ್ಟೀಲ್ ಡಬ್ಬ, ಮುಚ್ಚಳದ ಮೇಲೆ ಗುಂಡಗಿನ ಭಾರತೀಯ ಲಿಪಿಯಲ್ಲಿ ಹೆಸರು ಕೊರೆದಿದೆ’ ಎಂದು ಒಂದು ಸಾಲು ಸೇರಿಸಿದ್ದರು. ಪಾತ್ರೆ ಅಂಗಡಿಯಲ್ಲಿ ಮಿಷನ್ನಿನಿಂದ ಹೆಸರು ಕೊರೆಸುವ ನಮ್ಮ ಪದ್ಧತಿ ಇದೆಯಲ್ಲ, ಆ ಚುಕ್ಕಿ ಚುಕ್ಕಿ ಅಕ್ಷರಗಳನ್ನು ಓದಲು ಬಾರದ ದೂರದ ನಿಲ್ದಾಣದ ನೌಕರನೊಬ್ಬ ಡಬ್ಬದ ಫೋಟೋ ಕಳಿಸಿದ, ಕುಟುಂಬದವರು ಓದಿ ಹೌದೆಂದರು. ನಿಮ್ಮ ಕುಕ್ಕರಿನ ಮೇಲೂ ಹೆಸರು ಕೊರೆದಿದ್ದರೆ, ಪುಡಿಯ ಪೊಟ್ಟಣಗಳನ್ನು ಕನ್ನಡ ಪತ್ರಿಕೆಯಲ್ಲಿ ಸುತ್ತಿದ್ದರೆ, ಅದನ್ನು ಪಟ್ಟಿಯ ಮೊದಲ ಸಾಲುಗಳಲ್ಲೇ ಬರೆಯಿರಿ. ‘ಕನ್ನಡ’ ಎಂದಷ್ಟೇ ಬರೆದರೆ ಅವರಿಗೆ ತಿಳಿಯದು, ಲಿಪಿ ನೋಡಲು ಹೇಗಿದೆ ಎಂಬುದನ್ನೂ ಬರೆಯಿರಿ.

ಬಿಲ್ ಇಲ್ಲದ ವಸ್ತುಗಳ ಬಗ್ಗೆ ನೀವು ಭಯಪಟ್ಟಷ್ಟು ಕಷ್ಟವಿಲ್ಲ. ರಸೀದಿ ಇಲ್ಲದಿದ್ದರೆ ಪರಿಹಾರವಿಲ್ಲ ಎಂದು ಒಪ್ಪಂದದಲ್ಲಿ ಎಲ್ಲೂ ಹೇಳಿಲ್ಲ. ಹಾಗೆಂದು ಬಾಯಿಮಾತು ಸಾಲದು. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2020ರ ಜುಲೈ ತೀರ್ಪೊಂದರಲ್ಲಿ, ಒಪ್ಪಂದದ ಗರಿಷ್ಠ ಮೊತ್ತ ಎಂಬುದು ಕಳೆದುಕೊಂಡವರಿಗೆಲ್ಲ ತಾನಾಗಿ ಸಿಗುವ ನಿಗದಿತ ಹಣವಲ್ಲ, ಒಳಗೆ ಏನಿತ್ತು, ಅದರ ಬೆಲೆ ಎಷ್ಟು ಎಂಬುದನ್ನು ಪ್ರಯಾಣಿಕರೇ ತೋರಿಸಬೇಕು ಎಂದು ಸ್ಪಷ್ಟಪಡಿಸಿದೆ. ತೋರಿಸುವುದಕ್ಕೆ ರಸೀದಿ ಒಂದೇ ದಾರಿಯಲ್ಲ. ವಸ್ತು ನಿಮ್ಮದಾಗಿತ್ತು, ಅದು ಆ ಸೂಟ್‌ಕೇಸಿನಲ್ಲಿತ್ತು, ಅದರ ಬೆಲೆ ಇಷ್ಟು ಎಂಬ ಮೂರು ಸಂಗತಿಗಳಿಗೆ ಬೇರೆ ಬೇರೆ ಪುರಾವೆ ಇರಬಹುದು, ಒಂದೇ ಕಾಗದ ಮೂರನ್ನೂ ಹೇಳಬೇಕಾಗಿಲ್ಲ.

ನಿಮ್ಮ ಎರಡು ಸೀರೆಗಳನ್ನೇ ತೆಗೆದುಕೊಳ್ಳೋಣ. ಕೆಎಸ್‌ಐಸಿ ಮಳಿಗೆಯಲ್ಲಿ ಒಂದೂವರೆ ವರ್ಷದ ಹಿಂದೆ 28,000 ರೂಪಾಯಿಗೆ ಕೊಂಡ ಮೈಸೂರು ರೇಷ್ಮೆ ಸೀರೆಗೆ ಬಿಲ್ ಇದೆ. ಕೆಎಸ್‌ಐಸಿ ಸೀರೆಗೆ ಅದರದೇ ಸಂಕೇತ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಬಿಲ್ಲಿನ ಮೇಲೆ ಇದ್ದರೆ ಅಥವಾ ಸೀರೆಯ ಅಂಚಿನ ಫೋಟೋದಲ್ಲಿ ಕಾಣುತ್ತಿದ್ದರೆ ಅದನ್ನೂ ಪಟ್ಟಿಯ ಸಾಲಿನಲ್ಲಿ ಬರೆಯಿರಿ. ಹೀಗೆ ಒಂದು ವಸ್ತುವನ್ನು ಸಂಖ್ಯೆಯಿಂದ ಗುರುತಿಸಿದರೆ ಓದುವವರಿಗೆ ಇಡೀ ಪಟ್ಟಿಯ ಮೇಲೆ ನಂಬಿಕೆ ಬರುತ್ತದೆ. ಮದುವೆಯ ಕಂಚಿ ಸೀರೆಗೆ ಬಿಲ್ ಇಲ್ಲ, ನಾಲ್ಕು ವರ್ಷದ ಹಿಂದೆ ತವರಿನವರು ಕೊಂಡದ್ದು, ಬೆಲೆ 85,000 ಎಂದಿದ್ದೀರಿ. ಇದಕ್ಕೆ ಮೊದಲು ಮದುವೆಯ ಫೋಟೋಗಳಲ್ಲಿ ಸೆರಗು ಮತ್ತು ಅಂಚು ಚೆನ್ನಾಗಿ ಕಾಣುವ ಎರಡನ್ನು ಆರಿಸಿ. ಎರಡನೆಯದಾಗಿ, ನಿಮ್ಮ ತಂದೆಯವರ ಬ್ಯಾಂಕ್ ಪಾಸ್‌ಬುಕ್ಕಿನಲ್ಲೋ ಯುಪಿಐ ವಿವರದಲ್ಲೋ ಆ ಅಂಗಡಿಗೆ ಹಣ ಹೋದ ಸಾಲು ಇರಬಹುದು, ಆ ಪುಟವನ್ನು ತರಿಸಿ. ದೊಡ್ಡ ಜವಳಿ ಅಂಗಡಿಗಳಲ್ಲಿ ಬಿಲ್ ಮಾಡುವಾಗ ಮೊಬೈಲ್ ಸಂಖ್ಯೆ ಕೇಳುತ್ತಾರೆ. ಆ ಸಂಖ್ಯೆ ಹೇಳಿದರೆ ಜಿಎಸ್‌ಟಿ ಬಿಲ್ಲಿನ ಪ್ರತಿ ಮತ್ತೆ ತೆಗೆದುಕೊಡುವವರೂ ಇದ್ದಾರೆ, ಕೇಳಿನೋಡಿ. ಮೂರನೆಯದಾಗಿ, ಅದನ್ನು ಮಡಿಸಿ ಸೂಟ್‌ಕೇಸಿನಲ್ಲಿ ಇಟ್ಟವರು ನಿಮ್ಮ ತಾಯಿ ಎಂದು ಬರೆದಿದ್ದೀರಿ. ಅವರು ಅರ್ಧ ಪುಟದಲ್ಲಿ, ಯಾವ ದಿನ, ಯಾವ ಬಣ್ಣದ ಸೂಟ್‌ಕೇಸಿನಲ್ಲಿ, ಯಾವ ಸೀರೆಯನ್ನು ತಾವೇ ಇಟ್ಟರು ಎಂದು ಬರೆದು ಸಹಿ ಹಾಕಲಿ. ಕನ್ನಡದಲ್ಲೇ ಬರೆಯಲಿ, ಕೆಳಗೆ ನೀವು ಇಂಗ್ಲಿಷ್ ಅನುವಾದ ಕೊಡಿ. ತಾಯಿಯ ಮಾತನ್ನು ಯಾರು ನಂಬುತ್ತಾರೆ ಎಂದು ಹಿಂಜರಿಯಬೇಡಿ. ಕಣ್ಣಾರೆ ಕಂಡವರ ಮಾತಿಗೆ ಮೇಜಿನ ಮೇಲೂ ನ್ಯಾಯಾಲಯದಲ್ಲೂ ಬೆಲೆಯಿದೆ. ಪ್ಯಾಕ್ ಮಾಡುವಾಗ ಮನೆಯ ವಾಟ್ಸಾಪ್ ಗುಂಪಿಗೆ ಯಾರಾದರೂ ತೆರೆದ ಸೂಟ್‌ಕೇಸಿನ ಫೋಟೋ ಹಾಕಿದ್ದರೆ ಅದಕ್ಕಿಂತ ಒಳ್ಳೆಯ ಪುರಾವೆ ಬೇರೆ ಸಿಗಲಾರದು.

ಬೆಲೆ ಬರೆಯುವಾಗ ಹೊಸ ವಸ್ತುವಿನ ದರವನ್ನೇ ಎಲ್ಲಕ್ಕೂ ಹಾಕಬೇಡಿ. ನಿಮಗೆ ಸಲ್ಲಬೇಕಾದದ್ದು ಕಳೆದ ದಿನ ಆ ವಸ್ತುವಿಗೆ ಇದ್ದ ಬೆಲೆ. ಉಟ್ಟು ತೊಟ್ಟ ಬಟ್ಟೆಗೆ ಸಂಸ್ಥೆಯವರು ವರ್ಷದ ಲೆಕ್ಕದಲ್ಲಿ ಸವಕಳಿ ಕಳೆದೇ ಕಳೆಯುತ್ತಾರೆ. ಅವರು ಕಳೆಯುವ ಮೊದಲು ನೀವೇ ಪ್ರಾಮಾಣಿಕವಾಗಿ ಕಳೆದು, ಕಾರಣ ಬರೆದರೆ ಚೌಕಾಶಿಗೆ ಜಾಗ ಕಡಿಮೆಯಾಗುತ್ತದೆ. ನಿಮ್ಮ ನಾಲ್ಕು ಚೂಡಿದಾರಿಗೆ ಕೊಂಡಾಗ 8,800 ರೂಪಾಯಿ ಆಗಿತ್ತು, ಈಗ 5,300 ಕೇಳಿ. ಎರಡು ಜೀನ್ಸಿಗೆ 5,000ದ ಬದಲು 2,800. ಸೀರೆಯ ವಿಷಯದಲ್ಲಿ ಮಾತ್ರ ಬಿಟ್ಟುಕೊಡಬೇಡಿ. ಜರಿಯ ರೇಷ್ಮೆ ಸೀರೆ ಜೀನ್ಸಿನಂತೆ ಸವೆಯುವ ವಸ್ತುವಲ್ಲ, ನಾಲ್ಕು ವರ್ಷದಲ್ಲಿ ಐದಾರು ಬಾರಿ ಉಟ್ಟದ್ದು, ಅದೇ ಬಗೆಯ ಸೀರೆಗೆ ಇವತ್ತು ಅಂಗಡಿಯಲ್ಲಿ ಕೊಂಡ ಬೆಲೆಗಿಂತ ಹೆಚ್ಚು ಕೇಳುತ್ತಾರೆ. ಇದು ಯುರೋಪಿನ ಮೇಜಿನಲ್ಲಿ ಕುಳಿತವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಸಾಲು ಹೀಗಿರಲಿ: ‘ಕೈಮಗ್ಗದ ಕಂಚಿ ರೇಷ್ಮೆ ಸೀರೆ, ಗಿಳಿಹಸಿರು ಒಡಲು, ಕುಂಕುಮ ಬಣ್ಣದ ಅಂಚು, ಸೆರಗಿನಲ್ಲಿ ನವಿಲು, ಸುಮಾರು 800 ಗ್ರಾಂ, ಮದುವೆಗೆ ಕೊಂಡದ್ದು, ಬೆಲೆ 85,000 ರೂಪಾಯಿ, ಸವಕಳಿ ಇಲ್ಲ, ಏಕೆಂದರೆ ಇಂಥ ಸೀರೆಯನ್ನು ವಿಶೇಷ ದಿನಗಳಲ್ಲಿ ಮಾತ್ರ ಉಡುತ್ತಾರೆ ಮತ್ತು ಇಂದಿನ ದರ ಇದಕ್ಕಿಂತ ಕಡಿಮೆಯಿಲ್ಲ, ಪುರಾವೆ: ಫೋಟೋ 3 ಮತ್ತು 4, ಬ್ಯಾಂಕ್ ವಿವರ, ತಾಯಿಯ ಹೇಳಿಕೆ.’ ಬಣ್ಣ, ಅಂಚು, ಚಿತ್ತಾರಗಳನ್ನು ನಿಮ್ಮ ಸೀರೆಯಲ್ಲಿ ಇದ್ದಂತೆಯೇ ಬದಲಿಸಿಕೊಳ್ಳಿ. ಅದೇ ಬಗೆಯ ಸೀರೆಯ ಇಂದಿನ ದರ ತೋರಿಸುವ ಅಂಗಡಿಯ ಪುಟವೊಂದನ್ನು ಮುದ್ರಿಸಿ ಸೇರಿಸಿ. ಮನೆಯ ಪುಡಿಗಳಿಗೆ ಬೆಲೆ ಕಟ್ಟಲು ಸಂಕೋಚಪಡುವವರಿದ್ದಾರೆ. ಬೇಳೆ, ಮೆಣಸಿನಕಾಯಿ, ಮಿಲ್ಲಿನ ಖರ್ಚು ಸೇರಿ 2,000 ಆಗಿದ್ದರೆ ಅದನ್ನು ಬರೆಯುವುದರಲ್ಲಿ ತಪ್ಪೇನಿಲ್ಲ.

ಜುಮುಕಿಯ ವಿಷಯ ಬೇರೆ. ಆಭರಣ, ನಗದು, ಲ್ಯಾಪ್‌ಟಾಪ್, ಮುಖ್ಯ ಕಾಗದಪತ್ರಗಳನ್ನು ಚೆಕ್-ಇನ್ ಲಗೇಜಿನಲ್ಲಿ ಇಡಬಾರದೆಂದು ಸಂಸ್ಥೆಗಳ ಷರತ್ತುಗಳಲ್ಲಿ ಬರೆದಿರುತ್ತದೆ, ಇಟ್ಟರೆ ಹೊಣೆಯಿಲ್ಲವೆಂದೂ ಹೇಳುತ್ತಾರೆ. ಹೊಣೆಯನ್ನೇ ಕಳಚಿಕೊಳ್ಳುವ ಷರತ್ತು ಒಪ್ಪಂದದ 26ನೆಯ ವಿಧಿಯ ಎದುರು ನಿಲ್ಲುವುದಿಲ್ಲ ಎಂಬ ವಾದವಿದೆ. ಆದರೆ ನಷ್ಟಕ್ಕೆ ಪ್ರಯಾಣಿಕರ ಅಜಾಗರೂಕತೆಯೂ ಕಾರಣವಾಗಿದ್ದರೆ ಅಷ್ಟರ ಮಟ್ಟಿಗೆ ಪರಿಹಾರ ಇಳಿಸಬಹುದೆಂದು 20ನೆಯ ವಿಧಿ ಹೇಳುತ್ತದೆ, ಅವರು ಅದನ್ನೇ ಹಿಡಿಯುತ್ತಾರೆ. ಜುಮುಕಿ ಅಲ್ಲಿತ್ತು ಎಂಬುದು ನಿಜವಾದ್ದರಿಂದ ಅದನ್ನು ಬರೆಯಿರಿ, ಪಟ್ಟಿಯ ಕೊನೆಗೆ ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ. ಅದರ ಬೆಲೆಯನ್ನು ಸೀರೆಯ ಬೆಲೆಗೆ ಏರಿಸಿ ಅಡಗಿಸುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೊಡಬೇಡಿ. ಅಂಥ ಒಂದು ಸಾಲು ಸಿಕ್ಕಿಬಿದ್ದರೆ ಉಳಿದ ಸಾಚಾ ಸಾಲುಗಳನ್ನೂ ಕಳೆದುಕೊಳ್ಳುತ್ತೀರಿ. ಜುಮುಕಿಯ ಹಣ ಬರುವುದು ಅನುಮಾನ ಎಂದುಕೊಂಡೇ ಮುಂದುವರಿಯಿರಿ.

ಇನ್ನು 342 ಯೂರೋಗಳ ಖರ್ಚು. ಇದನ್ನು ಕಳೆದ ವಸ್ತುಗಳ ಪಟ್ಟಿಯೊಳಗೆ ಬೆರೆಸದೆ, ವಿಳಂಬದಿಂದಾದ ಖರ್ಚು ಎಂಬ ಬೇರೆ ತಲೆಬರಹದಡಿ ಬರೆಯಿರಿ, ಏಕೆಂದರೆ ಇದರ ಆಧಾರ 19ನೆಯ ವಿಧಿ. ಸಂಸ್ಥೆ ಇಲ್ಲಿ ಕೇಳುವ ಪ್ರಶ್ನೆಗಳು ಸರಳ: ಲಗೇಜು ಬಂದಿದ್ದರೆ ಇದನ್ನು ಕೊಳ್ಳುತ್ತಿದ್ದಿರಾ, ಕೊಳ್ಳಲೇಬೇಕಿತ್ತೇ, ಸಾಧಾರಣ ಬೆಲೆಯದನ್ನೇ ಕೊಂಡಿರಾ? ನಿಮ್ಮ ಬಿಲ್ಲುಗಳಲ್ಲಿ ಚಳಿಗಾಲದ ಕೋಟು 119 ಯೂರೋ, ಒಳಗೆ ತೊಡುವ ಬೆಚ್ಚನೆಯ ಉಡುಪು 40, ಒಳ ಉಡುಪು ಮತ್ತು ಕಾಲುಚೀಲ 25, ಸಾಬೂನು, ಪೇಸ್ಟು, ಬ್ರಷ್ಷು ಇತ್ಯಾದಿ 18, ನಿಮ್ಮ ಯಜಮಾನರು ಕೆಲಸಕ್ಕೆ ಸೇರುವ ದಿನ ತೊಟ್ಟ ಶರಟು, ಪ್ಯಾಂಟು 62. ಇಷ್ಟು 264 ಯೂರೋ ಆ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತದೆ. ಉಳಿದ 78 ಯೂರೋ ಹೆಡ್‌ಫೋನಿನದು. ಹೆಡ್‌ಫೋನು ಕಳೆದ ವಸ್ತುಗಳ ಪಟ್ಟಿಯಲ್ಲಿಲ್ಲ, ಅಂದರೆ ಅದನ್ನು ಕೊಂಡದ್ದು ಸೂಟ್‌ಕೇಸು ಬಾರದ ಕಾರಣಕ್ಕಲ್ಲ. ಅದನ್ನು ತೆಗೆದುಬಿಡಿ. ಅರ್ಧ ಕೊಡುತ್ತೇವೆ ಎಂಬ ಮಾತು ಬರುವುದಕ್ಕೆ ಇಂಥ ಒಂದು ಬಿಲ್ಲೇ ನೆಪವಾಗಿಬಿಡುತ್ತದೆ.

ಆ ಅರ್ಧದ ಲೆಕ್ಕ ಎಲ್ಲಿಂದ ಬಂತೆಂಬುದನ್ನು ತಿಳಿದರೆ ಉತ್ತರ ಕೊಡುವುದು ಸುಲಭ. ಬಟ್ಟೆ ಕೊಂಡಿದ್ದೀರಿ, ನಾಳೆ ಸೂಟ್‌ಕೇಸು ಬಂದಮೇಲೂ ಆ ಬಟ್ಟೆ ನಿಮ್ಮ ಬಳಿಯೇ ಉಳಿಯುತ್ತದೆ, ಆದ್ದರಿಂದ ಪೂರ್ತಿ ಕೊಡುವುದಿಲ್ಲ ಎಂಬುದು ಅವರ ವಾದ. ಲಗೇಜು ತಡವಾಗಿಯಾದರೂ ಬಂದ ಪ್ರಕರಣಗಳಲ್ಲಿ ಈ ವಾದದಲ್ಲಿ ಸ್ವಲ್ಪ ಹುರುಳಿದೆ. ಆಗಲೂ ಸಾಬೂನು, ಪೇಸ್ಟಿಗೆ ಅದು ಹೊಂದುವುದಿಲ್ಲ, ಅವು ಖರ್ಚಾಗಿಹೋಗುವಂಥವು. ನಿಮ್ಮ ಪ್ರಕರಣದಲ್ಲಿ ಸೂಟ್‌ಕೇಸು ಕಾನೂನಿನ ಕಣ್ಣಿಗೆ ಕಳೆದೇಹೋಗಿದೆ, ಹೊಸ ಕೋಟು ಹಳೆಯ ಕೋಟಿನ ಜಾಗದಲ್ಲಿ ಬಂದದ್ದು. ಹಾಗಾಗಿ ಅರ್ಧದ ವಾದ ಬೀಳುತ್ತದೆ, ಆದರೆ ಬೇರೊಂದು ಆಕ್ಷೇಪ ಏಳುತ್ತದೆ: ಕಳೆದ ಕೋಟಿಗೂ ಹಣ, ಅದರ ಬದಲು ಕೊಂಡ ಕೋಟಿಗೂ ಹಣ ಕೇಳುವಂತಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕು. ನಾನಾಗಿದ್ದರೆ ಬಿಲ್ ಇರುವ 119 ಯೂರೋಗಳ ಹೊಸ ಕೋಟನ್ನು ಉಳಿಸಿಕೊಂಡು, ಬೆಂಗಳೂರಿನಲ್ಲಿ 6,500 ರೂಪಾಯಿಗೆ ಕೊಂಡ ಹಳೆಯ ಕೋಟಿನ ಸಾಲಿನಲ್ಲಿ ಬೆಲೆಯ ಜಾಗದಲ್ಲಿ, ‘ವಿಳಂಬದ ಖರ್ಚಿನಲ್ಲಿ ಸೇರಿದೆ, ಇಲ್ಲಿ ಕೇಳುತ್ತಿಲ್ಲ’ ಎಂದು ಬರೆಯುತ್ತಿದ್ದೆ. ಸಾಲನ್ನೇ ಅಳಿಸಬೇಡಿ, ತೂಕದ ಲೆಕ್ಕಕ್ಕೂ ಗುರುತಿಗೂ ಕೋಟು ಪಟ್ಟಿಯಲ್ಲಿ ಇರಬೇಕು. ಯಜಮಾನರ ಶರಟು, ಪ್ಯಾಂಟಿಗೂ ಹೀಗೆಯೇ: ಕಳೆದ ಐದು ಶರಟುಗಳಲ್ಲಿ ಒಂದಕ್ಕೆ, ಎರಡು ಪ್ಯಾಂಟುಗಳಲ್ಲಿ ಒಂದಕ್ಕೆ ಬೆಲೆ ಹಾಕಬೇಡಿ.

ಪತ್ರದಲ್ಲಿ ಇನ್ನೊಂದು ವಾಕ್ಯ ಮರೆಯದೆ ಇರಲಿ: ಫ್ರಾಂಕ್‌ಫರ್ಟ್‌ನಲ್ಲಿ ನಿಮಗೆ ಮೊದಲೇ ಮನೆಯಾಗಲಿ ಬಟ್ಟೆಯ ಬೀರುವಾಗಲಿ ಇರಲಿಲ್ಲ, ಜನವರಿಯ ಚಳಿಯಲ್ಲಿ ಮೈಮೇಲಿನ ಬಟ್ಟೆಯಲ್ಲೇ ಬಂದಿಳಿದಿರಿ ಎಂಬುದು. ಊರಿಗೆ ಮರಳಿದವರ ಮನೆಯಲ್ಲಿ ಬಟ್ಟೆ ಇದ್ದೇ ಇರುತ್ತದೆ ಎಂದು ಸಂಸ್ಥೆಗಳು ಅವರ ಖರ್ಚನ್ನು ಬಹಳ ಕಡಿತ ಮಾಡುತ್ತವೆ, ನಿಮ್ಮ ವಿಳಾಸ ಜರ್ಮನಿಯದಾದ್ದರಿಂದ ನಿಮ್ಮನ್ನೂ ಊರಿಗೆ ಮರಳಿದವರೆಂದು ತಿಳಿದಿರುವ ಸಾಧ್ಯತೆಯಿದೆ. ಬಿಲ್ಲುಗಳ ಬಗ್ಗೆಯೂ ಒಂದು ಮಾತು. ಅಂಗಡಿಯವರು ಕೊಡುವ ನುಣುಪು ಕಾಗದದ ಚೀಟಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಇವತ್ತೇ ಫೋಟೋ ತೆಗೆದಿಡಿ. ಕಾರ್ಡಿನ ವಿವರ ಮಾತ್ರ ಇದ್ದರೆ ಸಾಲದು, ಅದು ಎಷ್ಟು ಕೊಟ್ಟಿರಿ ಎಂದು ಹೇಳುತ್ತದೆಯೇ ಹೊರತು ಏನು ಕೊಂಡಿರಿ ಎಂದು ಹೇಳುವುದಿಲ್ಲ. ಚೀಟಿಯ ಜರ್ಮನ್ ಪದಗಳ ಪಕ್ಕದಲ್ಲಿ ಅದು ಯಾವ ವಸ್ತು, ಯಾರಿಗೆ ಎಂದು ಪೆನ್ಸಿಲಿನಲ್ಲಿ ಬರೆದು, ಪಟ್ಟಿಯ ಕ್ರಮಸಂಖ್ಯೆ ಹಾಕಿ.

ಈಗ ಒಟ್ಟು ಮೊತ್ತ ಮತ್ತು ಅದರ ಮಿತಿ. ಕಳೆದುಹೋಗುವಿಕೆ, ಹಾನಿ, ವಿಳಂಬ ಎಲ್ಲ ಸೇರಿ ಒಪ್ಪಂದದ ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ ಪ್ರತಿ ಪ್ರಯಾಣಿಕರಿಗೆ 1,519 ಎಸ್‌ಡಿಆರ್. ಎಸ್‌ಡಿಆರ್ ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ, ಅದರ ದರ ದಿನವೂ ಬದಲಾಗುತ್ತದೆ. 1,519 ಎಂದರೆ ಸುಮಾರು 1,780 ಯೂರೋ ಎಂದು ಹಿಡಿಯೋಣ. ಹಳೆಯ ಫಾರಂಗಳಲ್ಲಿ 1,288 ಅಥವಾ 1,131 ಎಂದು ಮುದ್ರಿಸಿರುವುದುಂಟು; ಅವು ಹಿಂದಿನ ಮಿತಿಗಳು, ಒಪ್ಪಿಕೊಳ್ಳಬೇಡಿ. ನಿಮ್ಮ ಲೆಕ್ಕವನ್ನು ಯೂರೋಗೆ ನೂರು ರೂಪಾಯಿಯಂತೆ ಸುಲಭಕ್ಕೆ ಹಿಡಿದರೆ, ನಿಮ್ಮ ಪಾಲಿನ ವಸ್ತುಗಳು, ಸೂಟ್‌ಕೇಸು, ಕುಕ್ಕರ್, ಪುಡಿಗಳು ಸೇರಿ 1,34,000 ರೂಪಾಯಿ, ನಿಮ್ಮ ವಿಳಂಬದ ಖರ್ಚು 202 ಯೂರೋ ಎಂದರೆ 20,200. ಒಟ್ಟು 1,54,200. ಯಜಮಾನರ ವಸ್ತುಗಳು 35,000, ಖರ್ಚು 6,200, ಒಟ್ಟು 41,200. ಎರಡನ್ನೂ ನಿಮ್ಮ ಹೆಸರಿನಲ್ಲೇ ಕೇಳಿದರೆ 1,95,400 ಆಗಿ, 1,78,000ದ ಮಿತಿ ದಾಟಿದ 17,400 ರೂಪಾಯಿ ಹಾಗೆಯೇ ಬಿದ್ದುಹೋಗುತ್ತದೆ.

ಹಾಗಾಗಬೇಕಿಲ್ಲ. ಮಿತಿ ಇರುವುದು ಸೂಟ್‌ಕೇಸಿಗಲ್ಲ, ಪ್ರಯಾಣಿಕರಿಗೆ. ಒಬ್ಬರ ಹೆಸರಿನ ಟ್ಯಾಗ್ ಇರುವ ಲಗೇಜಿನಲ್ಲಿ ಅದೇ ವಿಮಾನದ ಇನ್ನೊಬ್ಬ ಪ್ರಯಾಣಿಕರ ವಸ್ತುಗಳಿದ್ದರೆ, ಅವರೂ ತಮ್ಮ ಪಾಲಿಗೆ ಪ್ರತ್ಯೇಕ ಪರಿಹಾರ ಕೇಳಬಹುದೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2012ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ ನಿಮ್ಮ ಯಜಮಾನರು ತಮ್ಮ ಹೆಸರಿನಲ್ಲಿ ಬೇರೆಯೇ ಪತ್ರ ಬರೆಯಲಿ, ಅದರಲ್ಲಿ ನಿಮ್ಮದೇ ಪಿಐಆರ್ ಸಂಖ್ಯೆಯನ್ನು ಹಾಕಲಿ, ತಮ್ಮ ಬೋರ್ಡಿಂಗ್ ಪಾಸ್ ಲಗತ್ತಿಸಲಿ, ತಮ್ಮ ವಸ್ತುಗಳು ನಿಮ್ಮ ಸೂಟ್‌ಕೇಸಿನಲ್ಲಿ ಇದ್ದವೆಂದು ನೀವಿಬ್ಬರೂ ಸಹಿ ಹಾಕಿದ ಸಾಲೊಂದಿರಲಿ. ಎರಡು ಪತ್ರಗಳ ತೂಕ ಕೂಡಿದಾಗ ಅದೇ 22 ಕಿಲೋ ಬರಬೇಕು. ಹೀಗೆ ಬೇರ್ಪಡಿಸಿದರೆ ನಿಮ್ಮ ಮಿತಿಯಲ್ಲಿ ಸುಮಾರು 24,000 ರೂಪಾಯಿ ಉಳಿಯುತ್ತದೆ, ಜುಮುಕಿಯ ಬಗ್ಗೆ ಅವರು ಒಪ್ಪಿದರೂ ಅಷ್ಟರವರೆಗೆ ಮಾತ್ರ ಸಿಗಬಹುದು. ಈ ಲೆಕ್ಕವೆಲ್ಲ ಅಂತರರಾಷ್ಟ್ರೀಯ ಪ್ರಯಾಣಕ್ಕೆ ಸಂಬಂಧಿಸಿದ್ದು. ಬೆಂಗಳೂರಿನಿಂದ ದೆಹಲಿಗೆ ಹೋಗುವಂಥ ದೇಶದೊಳಗಿನ ಹಾರಾಟದಲ್ಲಿ ಲಗೇಜಿನ ಮಿತಿ ಪ್ರಯಾಣಿಕರಿಗೆ 20,000 ರೂಪಾಯಿ ಎಂಬುದನ್ನು ಬೇರೆ ಓದುಗರು ಗಮನಿಸಬೇಕು.

ಹಣ ಕೊಡುವಾಗ ಅವರು ಸಹಿಗೆ ಕಳಿಸುವ ಕಾಗದದಲ್ಲಿ ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬರ್ಥದ ಮಾತಿದೆಯೇ ನೋಡಿ. ವಿಳಂಬದ ಖರ್ಚಿನ 264 ಯೂರೋಗಳನ್ನು ಮೊದಲು ಕೊಡಲು ಒಪ್ಪಿದರೆ, ಅದು ಆ ತಲೆಬರಹಕ್ಕೆ ಮಾತ್ರ ಸಂದಾಯ, ಕಳೆದ ವಸ್ತುಗಳ ಬೇಡಿಕೆ ಉಳಿದಿದೆ ಎಂದು ಬರೆದೇ ಸಹಿ ಮಾಡಿ. ಒಪ್ಪದಿದ್ದರೆ ಜರ್ಮನಿಯಲ್ಲಿ ವಿಮಾನ ಪ್ರಯಾಣಿಕರ ವ್ಯಾಜ್ಯಗಳಿಗೆ ಸಂಧಾನ ಸಂಸ್ಥೆಗಳಿವೆ, ಅಲ್ಲಿ ದೂರು ಕೊಡಬಹುದು. ಸಂಸ್ಥೆಯ ಭಾರತೀಯ ಕಚೇರಿಯ ಮೇಲೆ ಒತ್ತಡ ತರಲು ಭಾರತ ಸರ್ಕಾರದ ವಿಮಾನ ಪ್ರಯಾಣಿಕರ ದೂರಿನ ತಾಣವಾದ ಏರ್‌ಸೇವಾದಲ್ಲೂ ದಾಖಲಿಸಬಹುದು. ನ್ಯಾಯಾಲಯಕ್ಕೆ ಹೋಗುವ ಹಕ್ಕು ಜನವರಿ 10ರಿಂದ ಎರಡು ವರ್ಷದವರೆಗೆ ಮಾತ್ರ. ಪತ್ರವ್ಯವಹಾರ ನಡೆಯುತ್ತಿದೆ ಎಂಬ ಕಾರಣಕ್ಕೆ ಆ ಅವಧಿ ಹಿಗ್ಗುತ್ತದೆ ಎಂದು ನಂಬಿ ಕೂರಬೇಡಿ.

ಪತ್ರ ಕಳಿಸಿದ ಮೇಲೆ ಸೂಟ್‌ಕೇಸು ಬಂದುಬಿಡುವುದೂ ಉಂಟು, 30ನೆಯ ದಿನ ಬಂದದ್ದನ್ನು ನಾನೇ ಕಂಡಿದ್ದೇನೆ. ಹಾಗೆ ಬಂದರೆ ಕೊರಿಯರಿನವರ ಚೀಟಿಗೆ ಸಹಿ ಮಾಡುವಾಗ ದಿನಾಂಕ, ಗಂಟೆಯ ಜೊತೆಗೆ ಬೀಗ ಮುರಿದಿದ್ದರೆ ಅದನ್ನೂ ಬರೆಯಿರಿ, ಅದೇ ದಿನ ತೆರೆದು ನಿಮ್ಮ ಪಟ್ಟಿಯೊಡನೆ ಒಂದೊಂದಾಗಿ ತಾಳೆ ನೋಡಿ. ಸೀರೆಗೆ ನೀರು ತಗುಲಿದ್ದರೆ ಅಥವಾ ಯಾವುದಾದರೂ ವಸ್ತು ಕಾಣೆಯಾಗಿದ್ದರೆ ಏಳು ದಿನದೊಳಗೆ ಲಿಖಿತವಾಗಿ ತಿಳಿಸಬೇಕು. ವಿಳಂಬದ ಖರ್ಚಿನ ಬೇಡಿಕೆಗೆ ಲಗೇಜು ಕೈಗೆ ಬಂದ ದಿನದಿಂದ 21 ದಿನದ ಗಡುವಿದೆ. ಈಗ ಕಳಿಸುವ ಪತ್ರದಲ್ಲೇ ಆ ಬೇಡಿಕೆ ಇದ್ದರೂ ಆ ದಿನ ಅದನ್ನು ಮತ್ತೊಮ್ಮೆ, ಕಳೆದ ವಸ್ತುಗಳ ಮೊತ್ತವನ್ನು ಕೈಬಿಟ್ಟು, ಇಮೇಲಿನಲ್ಲೂ ಅಂಚೆಯಲ್ಲೂ ಕಳಿಸಿ.